ದುಡ್ಡು ಕಟ್ ಆಯ್ತು, ಟಿಕೆಟ್ ಬರ್ಲಿಲ್ಲ: ಕಂಡಕ್ಟರ್ ಕೈಯ ಮೆಷಿನ್ ಒಳಗೆ ನಡೆಯೋದೇನು?

ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ ಈಗ ಚಿಲ್ಲರೆ ಜಗಳ ಕಡಿಮೆಯಾಗಿ, ಅದರ ಜಾಗಕ್ಕೆ 'ದುಡ್ಡು ಹೋಗಿದೆ ನೋಡಿ ಸಾರ್' ಅನ್ನೋ ಜಗಳ ಬಂದಿದೆ. ಮೆಷಿನ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದರೆ ಇದರಲ್ಲಿ ಅರ್ಧ ತಪ್ಪುತ್ತದೆ.

ಸಕಲೇಶಪುರದಿಂದ ಹಾಸನಕ್ಕೆ ಗಂಡ, ಹೆಂಡತಿ, ಒಂದು ಮಗು ಹೊರಟಿದ್ದಾರೆ ಅಂದುಕೊಳ್ಳಿ. ಕಂಡಕ್ಟರ್ ಹತ್ತಿದ ಸ್ಟೇಜ್, ಇಳಿಯೋ ಸ್ಟೇಜ್ ಒತ್ತುತ್ತಾರೆ. ದರಪಟ್ಟಿ ಮೆಷಿನ್‌ನಲ್ಲೇ ಇರುತ್ತದೆ. ಲೆಕ್ಕಕ್ಕೆ ದೊಡ್ಡವರಿಗೆ 60 ರೂಪಾಯಿ ಅಂತಿಟ್ಟುಕೊಳ್ಳಿ. ಮಗುವಿಗೆ ಹಾಫ್ 30, ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಶೂನ್ಯ ಟಿಕೆಟ್. ಒಟ್ಟು 90.

ಯುಪಿಐ ಅಂದರೆ ಮೆಷಿನ್ ಸರ್ವರ್‌ಗೆ 90 ರೂಪಾಯಿಯ ಕೋರಿಕೆ ಕಳಿಸುತ್ತದೆ. ಸ್ಕ್ರೀನ್ ಮೇಲೆ ಬರೋ ಕ್ಯೂಆರ್ ಕೋಡ್ ಆ ಒಂದು ವ್ಯವಹಾರಕ್ಕೆ ಮಾತ್ರ. ಅಂಗಡಿ ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಥರ ಅಲ್ಲ. ಅದಕ್ಕೇ ಮೊತ್ತ ನಿಮ್ಮ ಫೋನಿನಲ್ಲಿ ತಾನೇ ತುಂಬಿರುತ್ತದೆ. ಪಿನ್ ಹಾಕಿದ ಮೇಲೆ ಬ್ಯಾಂಕಿನಿಂದ ಸರ್ವರ್‌ಗೆ, ಸರ್ವರ್‌ನಿಂದ ಮೆಷಿನ್‌ಗೆ ಖಚಿತ ಸಂದೇಶ ಬರಬೇಕು. ಬಂದರೆ ಮಾತ್ರ ಟಿಕೆಟ್ ಪ್ರಿಂಟ್.

ಅಂದರೆ ನಿಮ್ಮ ಫೋನಿಗೆ ಸಿಗ್ನಲ್ ಇದ್ದರೆ ಸಾಲದು, ಮೆಷಿನ್‌ಗೂ ಬೇಕು. ಘಾಟಿ ಕಡೆ ಕೈಕೊಡೋದು ಇಲ್ಲೇ. ಫೋನಲ್ಲಿ ಹಸಿರು ಟಿಕ್, ಮೆಷಿನ್‌ನಲ್ಲಿ ಇನ್ನೂ ಸುತ್ತುತ್ತಿರುತ್ತದೆ. ಆಗ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಡಿ, ಎರಡು ಸಲ ಕಟ್ ಆದೀತು. ಸಿಗ್ನಲ್ ಇರೋ ಕಡೆ ಅದೇ ವ್ಯವಹಾರದ ಸ್ಟೇಟಸ್ ಮತ್ತೆ ನೋಡಲು ಕಂಡಕ್ಟರ್‌ಗೆ ಹೇಳಿ. ಆಗದಿದ್ದರೆ ನಗದು ಕೊಟ್ಟು ಟಿಕೆಟ್ ತಗೊಳ್ಳಿ. ಚೆಕಿಂಗ್‌ನವರು ಬಂದರೆ ಕೇಳೋದು ಟಿಕೆಟ್.

ಕಂಡಕ್ಟರ್ ಯಾಕೆ ಬಿಗಿ ಅಂತ ಬೈಯೋರಿದ್ದಾರೆ. ಡಿಪೋದಲ್ಲಿ ವೇಬಿಲ್ ಕಟ್ಟುವಾಗ ಒಟ್ಟು ಟಿಕೆಟ್ ಮೊತ್ತದಲ್ಲಿ ಯುಪಿಐ ಕಳೆದು ಉಳಿದದ್ದು ನಗದಾಗಿ ಕೊಡಬೇಕು. ಬಾರದ ದುಡ್ಡಿಗೆ ನಗದು ಟಿಕೆಟ್ ಹರಿದರೆ ಆ 90 ಅವರ ಜೇಬಿನಿಂದಲೇ.

ನಿಮ್ಮ ಖಾತೆಯಿಂದ ಹೋಗಿ ಅಲ್ಲಿಗೆ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರಿಗೆ ಆ್ಯಪ್‌ನಲ್ಲಿರೋ 12 ಅಂಕಿಯ ಯುಪಿಐ ಸಂಖ್ಯೆ ಬೇಕು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಟ್ಯಾಪ್ ದಾರಿ ಬೇರೆ. ನಮ್ಮ ಮೆಟ್ರೋದಲ್ಲಿ ನಡೆಯೋ ಎನ್‌ಸಿಎಂಸಿ ಕಾರ್ಡ್‌ನಲ್ಲಿ 2000 ರೂಪಾಯಿವರೆಗೆ ಹಣ ಚಿಪ್‌ನೊಳಗೇ ಇರುತ್ತದೆ. ಅದನ್ನು ಓದುವ ಸೌಲಭ್ಯವಿರೋ ಬಸ್ ಮೆಷಿನ್‌ಗೆ ತಾಗಿಸಿದರೆ ನೆಟ್‌ವರ್ಕ್ ಇಲ್ಲದಿದ್ದರೂ ದರ ಕಳೆದು ಟಿಕೆಟ್ ಬರುತ್ತದೆ, ಲೆಕ್ಕ ಆಮೇಲೆ ಸರ್ವರ್‌ಗೆ ಹೋಗುತ್ತದೆ. ಪಿನ್ ಇಲ್ಲ, ಹಾಗಾಗಿ ಕಾರ್ಡ್ ಕಳೆದರೆ ಚಿಪ್‌ನಲ್ಲಿದ್ದ ದುಡ್ಡೂ ಹೋದಂತೆ.

ಇನ್ನು ಟಿಕೆಟ್ ಕಾಗದ. ಇದಕ್ಕೆ ಇಂಕ್ ಇಲ್ಲ, ಬಿಸಿ ತಾಗಿ ಕಪ್ಪಾಗುತ್ತದೆ. ಖಾಲಿ ಚೀಟಿ ಬಂದರೆ ರೋಲ್ ತಿರುವುಮುರುವು ಹಾಕಿರಬಹುದು, ಕೇಳಿ. ಆಫೀಸಿಗೆ ಬಿಲ್ ಕೊಡೋರು ಅವತ್ತೇ ಫೋಟೋ ತೆಗೆದಿಡಿ, ಬಿಸಿಲು ತಾಗಿದರೆ ಅಕ್ಷರ ಮಾಸುತ್ತದೆ.