ಉದುರುವ ಕೂದಲಿಗೆ ಮೂರು ತಿಂಗಳ ಹಿಂದಿನ ಲೆಕ್ಕ

ತೂಕ ಬೇಗ ಇಳಿಸಿಕೊಂಡವರು ಸುಸ್ತು, ಕೂದಲು ಉದುರುವುದು, ಚರ್ಮ ಜೋತುಬೀಳುವುದು ಎಂದು ಮೂರು ದೂರು ಹೇಳುತ್ತಾರೆ. ಮೂರಕ್ಕೂ ಒಂದು ವಿಟಮಿನ್ ಮಾತ್ರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಎಂಬತ್ತು ವರ್ಷಗಳ ಸಂಶೋಧನೆ ಹೇಳುವುದು ಬೇರೆಯೇ.

ಸುಸ್ತಿನ ಕಾರಣವನ್ನು ಕ್ರಮವಾಗಿ ಹುಡುಕಿದ್ದು ಅಮೆರಿಕದ ಮಿನ್ನೆಸೋಟದಲ್ಲಿ. 1945ರಲ್ಲಿ ಸಂಶೋಧಕ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಮೆಟ್ಟಿಲು ಹತ್ತುವುದೂ ಕಷ್ಟವಾಯಿತು, ಸದಾ ಚಳಿ ಎನಿಸುತ್ತಿತ್ತು, ಕೂದಲು ಉದುರಿತು. ಚೇತರಿಕೆಯ ಹಂತದಲ್ಲಿ ಕೆಲವರಿಗೆ ವಿಟಮಿನ್, ಪ್ರೋಟೀನ್ ಹೆಚ್ಚಾಗಿ ಕೊಟ್ಟರೂ ಒಟ್ಟು ಕ್ಯಾಲೊರಿ ಏರಿಸುವವರೆಗೆ ದೇಹ ಸರಿಯಾಗಿ ಚೇತರಿಸಿಕೊಳ್ಳಲಿಲ್ಲ.

ಕೂದಲಿನ ಕಥೆ ಬಿಚ್ಚಿಕೊಂಡದ್ದು 1961ರಲ್ಲಿ. ದೇಹಕ್ಕೆ ಆಘಾತವಾದಾಗ ಬೆಳೆಯುತ್ತಿದ್ದ ಕೂದಲು ಒಟ್ಟಾಗಿ ವಿಶ್ರಾಂತಿಗೆ ಜಾರಿ, ಎರಡು ಮೂರು ತಿಂಗಳ ನಂತರ ಉದುರುತ್ತದೆ ಎಂದು ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ವಿವರಿಸಿ, ಅದಕ್ಕೆ ಟೆಲೊಜೆನ್ ಎಫ್ಲೂವಿಯಂ ಎಂದು ಹೆಸರಿಟ್ಟರು. ಕಠಿಣ ಪಥ್ಯವೂ ಅಂಥ ಆಘಾತವೇ ಎಂಬುದನ್ನು 1976ರ ವೈದ್ಯಕೀಯ ವರದಿಯೊಂದು ತೋರಿಸಿತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 75 ಕಿಲೋ ತೂಕದ ಮಹಿಳೆ ಜನವರಿಯಲ್ಲಿ ಪಥ್ಯ ಹಿಡಿಯುತ್ತಾರೆ. ಬೆಳಗ್ಗೆ ಒಂದು ಲೋಟ ರಾಗಿ ಅಂಬಲಿ, ಮಧ್ಯಾಹ್ನ ಸ್ವಲ್ಪ ಅನ್ನ, ತಿಳಿ ಸಾರು, ಒಂದಿಷ್ಟು ಮೊಸರು, ರಾತ್ರಿ ಹಣ್ಣು. ಇಷ್ಟರಿಂದ ಸಿಗುವ ಪ್ರೋಟೀನ್ 20 ಗ್ರಾಂ ದಾಟುವುದಿಲ್ಲ. ಕಿಲೋಗೆ 0.83 ಗ್ರಾಂ ಎಂಬ ಸಾಮಾನ್ಯ ಲೆಕ್ಕದಲ್ಲೇ ಅವರಿಗೆ 62 ಗ್ರಾಂ ಬೇಕು. ಏಪ್ರಿಲ್‌ನಲ್ಲಿ ಬಾಚಣಿಗೆ ತುಂಬ ಕೂದಲು ಬಂದಾಗ ಅವರು ಬೈಯುವುದು ಹೊಸ ಶಾಂಪೂವನ್ನು. ಆದರೆ ತಲೆಯೆಲ್ಲ ಒಂದೇ ಸಮ ತೆಳುವಾಗಿದ್ದು, ಉದುರಿದ ಕೂದಲಿನ ಬುಡದಲ್ಲಿ ಪುಟ್ಟ ಬಿಳಿ ಗಂಟು ಕಂಡರೆ ಜನವರಿಯ ತಟ್ಟೆಯನ್ನೇ ನೆನಪಿಸಿಕೊಳ್ಳಬೇಕು. ಊಟ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ.

ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್ ಮಾತ್ರ ನೋಡಿದರೆ ಸಾಲದು. ಅದು ಸರಿಯಿದ್ದಾಗಲೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಸಸ್ಯಾಹಾರಿಗಳು ಬಿ12 ಕೂಡ ನೋಡಿಸಬೇಕು, ಜೊತೆಗೆ ಥೈರಾಯ್ಡ್. ಕೂದಲಿಗೆಂದು ಬಯೋಟಿನ್ ನುಂಗುತ್ತಿರುವವರು ರಕ್ತ ಕೊಡುವ ಮೊದಲೇ ಅದನ್ನು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ವರದಿಯನ್ನೇ ತಪ್ಪಾಗಿಸಬಲ್ಲದು.

ತೂಕ ಇಳಿಸುವ ಈಚಿನ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಪ್ರಯೋಗಗಳಲ್ಲೂ ಕೂದಲು ಉದುರಿದ್ದು ಸುಮಾರು 3% ಜನರಲ್ಲಿ, ಮದ್ದಿಲ್ಲದ ಗುಂಪಿನಲ್ಲಿ 1%. ಈ ಮದ್ದಿನಿಂದ ಹಸಿವೇ ಅಡಗುವುದರಿಂದ ಊಟ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಚರ್ಮದ ಲೆಕ್ಕ ಮಾತ್ರ ಬೇರೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಎಲಾಸ್ಟಿನ್ ನಾರುಗಳು ಹರಿದಿರುತ್ತವೆ, ಕಾಲಜನ್ ತೆಳುವಾಗಿರುತ್ತದೆ. ಅದನ್ನು ಯಾವ ಆಹಾರವೂ ಹಿಂದಿನಂತೆ ಬಿಗಿಗೊಳಿಸದು. ಪ್ರೋಟೀನ್ ಮತ್ತು ಭಾರ ಎತ್ತುವ ವ್ಯಾಯಾಮ ಉಳಿಸುವುದು ಚರ್ಮದಡಿಯ ಸ್ನಾಯುವನ್ನು, ಅದು ಕರಗಿದರೆ ಜೋಲು ಇನ್ನಷ್ಟು ಎದ್ದು ಕಾಣುತ್ತದೆ. ಹೆಚ್ಚಾದ ಚರ್ಮವನ್ನು ತೆಗೆಯಲು ಶಸ್ತ್ರಚಿಕಿತ್ಸೆಯೇ ದಾರಿ. ತೂಕ ಕೆಲವು ತಿಂಗಳು ಒಂದೇ ಕಡೆ ನಿಂತು, ಪ್ರೋಟೀನ್, ಕಬ್ಬಿಣ ಸರಿಹೋದ ಮೇಲೆ ಅದನ್ನು ಮಾಡಿಸಿಕೊಂಡರೆ ಗಾಯವೂ ಚೆನ್ನಾಗಿ ಮಾಯುತ್ತದೆ.