ವಿಮಾನ ನಿಲ್ದಾಣದ ಭದ್ರತಾ ತಪಾಸಣೆಗೆ ಆಟಿಸಂ ಇರುವ ಮಗುವನ್ನು ಅಣಿಗೊಳಿಸುವುದು: ಪೋಷಕರಿಗೆ ಮಾಹಿತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರು ವಿಮಾನ ಪ್ರಯಾಣಕ್ಕೆ ಸಾಮಾನ್ಯವಾಗಿ ಬೆಳಗಾವಿಯ ಸಾಂಬ್ರಾ ಅಥವಾ ಕೊಲ್ಹಾಪುರ ವಿಮಾನ ನಿಲ್ದಾಣಕ್ಕೆ ತೆರಳುತ್ತಾರೆ. ಆಟಿಸಂ ಅಥವಾ ಶಬ್ದ, ಸ್ಪರ್ಶಗಳ ಅತಿ ಸಂವೇದನೆಯುಳ್ಳ ಮಗುವಿಗೆ ಅಲ್ಲಿ ಅತ್ಯಂತ ಕಠಿಣವಾಗಬಹುದಾದ ಹಂತ ಭದ್ರತಾ ತಪಾಸಣೆ. ಸದ್ದು ತಡೆಯುವ ಹೆಡ್‌ಫೋನ್ ಹಾಗೂ ಮಗು ಸದಾ ಹಿಡಿದಿರುವ ಆಟಿಕೆ, ಇವೆರಡನ್ನೂ ಎಕ್ಸ್-ರೇ ಯಂತ್ರಕ್ಕೆ ಹೋಗುವ ಟ್ರೇಯಲ್ಲಿ ಇಡಬೇಕಾಗುತ್ತದೆ. ಹೀಗಾಗಿ ಬೀಪ್ ಸದ್ದು, ಸರತಿ ಸಾಲು ಮತ್ತು ಅಪರಿಚಿತರ ಸ್ಪರ್ಶ ಒಟ್ಟಿಗೆ ಎದುರಾಗುವ ಸ್ಥಳದಲ್ಲಿಯೇ ಮಗುವಿನ ಆಸರೆ ತಪ್ಪುತ್ತದೆ. ಪೂರ್ವಸಿದ್ಧತೆ ಮುಖ್ಯವಾಗಿ ಈ ಕೆಲವು ನಿಮಿಷಗಳಿಗಾಗಿ ಇರಬೇಕು.

ಉದಾಹರಣೆಗೆ, ಬಟ್ಟೆಯ ಆನೆಯನ್ನು ಬಿಡದ ರಾಯಬಾಗದ ಏಳು ವರ್ಷದ ಮಗುವೊಂದನ್ನು ಭಾವಿಸಿಕೊಳ್ಳಬಹುದು. ಪ್ರಯಾಣಕ್ಕೆ ಮೂರು ವಾರ ಮೊದಲೇ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಟ್ರೇ ಇರಿಸಿ, ಮಗುವಿನ ಕೈಯಿಂದಲೇ ಆನೆಯನ್ನು ಅದರಲ್ಲಿ ಇಡಿಸಬೇಕು. ಟ್ರೇಯನ್ನು ಮೇಜಿನ ಕೆಳಗಿನಿಂದ ಸರಿಸಿ, ಆಚೆ ಬದಿಯಲ್ಲಿ ತಕ್ಷಣ ಹಿಂದಿರುಗಿಸಬೇಕು. ಪ್ರತಿ ಸಲವೂ “ಆನೆ ಟ್ರೇಗೆ, ನಾನು ಬಾಗಿಲಿಗೆ, ಆನೆ ಮತ್ತೆ ಕೈಗೆ” ಎಂಬ ಒಂದೇ ಮಾತನ್ನು ಹೇಳುವುದು ಸೂಕ್ತ. ಮಗು ಒಪ್ಪಿದ ನಂತರ ಕಾಯುವ ಅವಧಿಯನ್ನು ಎರಡು ನಿಮಿಷಗಳವರೆಗೆ ನಿಧಾನವಾಗಿ ಹೆಚ್ಚಿಸಬೇಕು. ಹೆಡ್‌ಫೋನನ್ನೂ ಇದೇ ಕ್ರಮದಲ್ಲಿ ರೂಢಿಸಬೇಕು. ಎರಡನೆಯ ವಾರದಿಂದ ತಪಾಸಣಾ ಯಂತ್ರದ ಬೀಪ್ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿಸಿ, ತೋಳು ಚಾಚಿ ನಿಲ್ಲುವುದನ್ನು ಕಲಿಸಬೇಕು. ಹೊಸ ಹೆಡ್‌ಫೋನನ್ನು ಪ್ರಯಾಣದ ದಿನವೇ ಮೊದಲ ಬಾರಿಗೆ ತೊಡಿಸಿದಲ್ಲಿ ಮಗು ಅದನ್ನೇ ಕಿತ್ತೆಸೆಯುವ ಸಂಭವವಿದೆ.

ಸಾಲು ಮತ್ತು ಧ್ವನಿವರ್ಧಕದ ಘೋಷಣೆಗಳ ಅಭ್ಯಾಸಕ್ಕೆ ರಾಯಬಾಗ ಅಥವಾ ಕುಡಚಿ ರೈಲು ನಿಲ್ದಾಣ ಸಾಕಾಗುತ್ತದೆ. ಚಿಂಚಲಿ ಜಾತ್ರೆಯಂತಹ ಜನಸಂದಣಿ ಇದಕ್ಕೆ ಯೋಗ್ಯವಲ್ಲ. ಅಲ್ಲಿಂದ ಬೇಗ ಹೊರಬರಲಾಗದು. ಮಗು ಕಿವಿ ಮುಚ್ಚಿಕೊಳ್ಳುವುದು, ಗುನುಗುವ ಧ್ವನಿ ಏರುವುದು ಅಥವಾ ಬಟ್ಟೆ ಜಗ್ಗುವುದು ಕಂಡುಬಂದ ಕೂಡಲೇ, ಅಳು ಆರಂಭವಾಗುವ ಮೊದಲೇ, ಸಾಲಿನಿಂದ ಹೊರಬರತಕ್ಕದ್ದು. ಪೋಷಕರಲ್ಲಿ ಒಬ್ಬರು ಸಾಲಿನಲ್ಲಿ ನಿಂತು, ಮತ್ತೊಬ್ಬರು ಮಗುವಿನೊಂದಿಗೆ ದೂರದಲ್ಲಿ ಕಾಯುವುದು ಉತ್ತಮ.

ಟಿಕೆಟ್ ಕಾಯ್ದಿರಿಸುವಾಗ, ತಪ್ಪಿದಲ್ಲಿ ಪ್ರಯಾಣಕ್ಕೆ ಕನಿಷ್ಠ 48 ಗಂಟೆಗಳ ಮೊದಲು, ನೆರವಿನ ಅಗತ್ಯವನ್ನು ವಿಮಾನ ಸಂಸ್ಥೆಗೆ ತಿಳಿಸಬೇಕು. ಬೌದ್ಧಿಕ ಅಥವಾ ಬೆಳವಣಿಗೆಯ ಅಂಗವೈಕಲ್ಯವುಳ್ಳ, ನೆರವು ಬೇಕಾದ ಪ್ರಯಾಣಿಕರಿಗೆ ಬಳಸುವ ಸಂಕೇತ DPNA. ಇದು ಟಿಕೆಟ್ ದಾಖಲೆಯಲ್ಲಿ ನಮೂದಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಗಾಲಿಕುರ್ಚಿಯ ಸಂಕೇತ ನಮೂದಾಗಿದ್ದಲ್ಲಿ ಬರುವ ಸಿಬ್ಬಂದಿಗೆ ಮಗುವಿನ ನಿಜವಾದ ಅಗತ್ಯ ತಿಳಿಯುವುದಿಲ್ಲ. ಯು.ಡಿ.ಐ.ಡಿ. ಕಾರ್ಡ್ ಇದ್ದಲ್ಲಿ ಜೊತೆಯಲ್ಲಿರಲಿ. ತಪಾಸಣೆಗೆ ಮುನ್ನ ಸಿಬ್ಬಂದಿಗೆ “ಮುಟ್ಟುವ ಮೊದಲು ದಯವಿಟ್ಟು ಹೇಳಿ” ಎಂದು ವಿನಂತಿಸಬಹುದು. ಆದರೆ ತಪಾಸಣೆಯಿಂದ ವಿನಾಯಿತಿ ನಿರೀಕ್ಷಿಸುವಂತಿಲ್ಲ.

2022ರ ಮೇ ತಿಂಗಳಿನಲ್ಲಿ ರಾಂಚಿಯಲ್ಲಿ ವಿಶೇಷ ಅಗತ್ಯವುಳ್ಳ ಬಾಲಕನೊಬ್ಬನಿಗೆ ವಿಮಾನವೇರಲು ಅವಕಾಶ ನಿರಾಕರಿಸಲಾಗಿತ್ತು. ಬಳಿಕ ಅದೇ ವರ್ಷ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಯಮವನ್ನು ತಿದ್ದುಪಡಿ ಮಾಡಿತು. ಅದರಂತೆ ಅಂಗವೈಕಲ್ಯದ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ. ಪ್ರಯಾಣದಲ್ಲಿ ಆರೋಗ್ಯ ಹದಗೆಡಬಹುದೆಂದು ಸಂಸ್ಥೆಗೆ ಅನಿಸಿದಲ್ಲಿ ವೈದ್ಯರು ಮಗುವನ್ನು ಖುದ್ದಾಗಿ ಪರೀಕ್ಷಿಸಿ ಸ್ಪಷ್ಟ ಅಭಿಪ್ರಾಯ ನೀಡಬೇಕು. ಅದರ ನಂತರವೂ ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು.

ಬೆಂಗಳೂರಿನ ಮೂಲಕ ಪ್ರಯಾಣಿಸುವವರು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಜಾರಿಗೆ ಬಂದ ಸೂರ್ಯಕಾಂತಿ ಚಿಹ್ನೆಯ ಕೊರಳಪಟ್ಟಿಯನ್ನು ಕೇಳಿ ಪಡೆಯಬಹುದು. ಹೊರನೋಟಕ್ಕೆ ಕಾಣದ ಅಂಗವೈಕಲ್ಯವಿದೆ ಎಂಬುದನ್ನು ಅದು ಸಿಬ್ಬಂದಿಗೆ ಸೂಚಿಸುತ್ತದೆ. ಕೊರಳಿಗೆ ಏನೂ ತಾಗಬಾರದೆನ್ನುವ ಮಗುವಾದಲ್ಲಿ ಪೋಷಕರೇ ಅದನ್ನು ಧರಿಸಬಹುದು.