ನಡುವೆ ಹೇಳಿದ ಮಾತು

ಕಳೆದ ಮಳೆಗಾಲದಲ್ಲಿ ಅಪ್ಪನನ್ನು ರಾಣೆಬೆನ್ನೂರಿನಿಂದ ಪುಣೆಗೆ ಕರೆತಂದೆ. ಇಲ್ಲಿಯ ಹೊಸ ಡಾಕ್ಟರಿಗೆ ಅವರ ಹತ್ತು ವರ್ಷದ ಕಾಯಿಲೆಯ ವಿವರವನ್ನು ಒಂದೇ ಪುಟದಲ್ಲಿ ಕೊಡಬೇಕಿತ್ತು. ಹಳೆಯ ಚೀಟಿಗಳನ್ನು ಮುಂದಿಟ್ಟುಕೊಂಡು, ಊರಿನಲ್ಲಿರುವ ತಂಗಿಯನ್ನು ಕೇಳಿಕೊಂಡು, ಎರಡು ರಾತ್ರಿ ಒಂದು ಎಐ ಚಾಟ್‌ಬಾಟ್‌ಗೆ ಎಲ್ಲವನ್ನೂ ಬರೆಯುತ್ತ ಹೋದೆ. ಸುಮಾರು ನಲವತ್ತು ಸಂದೇಶಗಳಾದವು. ಇಪ್ಪತ್ತನೆಯದರ ಆಸುಪಾಸಿನಲ್ಲಿ, ಕಾಲು ಬಾತುಕೊಂಡದ್ದರಿಂದ ಒಂದು ಬಿಪಿ ಮಾತ್ರೆಯನ್ನು ಊರಿನ ಡಾಕ್ಟರು ನಿಲ್ಲಿಸಿದ್ದರೆಂದು ಬರೆದಿದ್ದೆ. ಕೊನೆಗೆ ಸಿದ್ಧವಾದ ಪುಟ ನೋಡಲು ಚೆನ್ನಾಗಿಯೇ ಇತ್ತು. ಮೊದಲು ಹೇಳಿದ ಸಕ್ಕರೆ ಕಾಯಿಲೆ, ಕೊನೆಗೆ ಹೇಳಿದ ರಕ್ತ ಪರೀಕ್ಷೆ ಎಲ್ಲ ಸರಿಯಾಗಿದ್ದವು. ಆದರೆ ‘ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು’ ಎಂಬ ಪಟ್ಟಿಯಲ್ಲಿ ಆ ಮಾತ್ರೆಯೂ ಕೂತಿತ್ತು. ವಾಟ್ಸಾಪಿನಲ್ಲಿ ಓದಿದ ತಂಗಿ ಫೋನು ಮಾಡಿದಳು: “ಅಣ್ಣಾ, ಈ ಗುಳಿಗಿ ಬಿಡಿಸಿ ವರ್ಷ ಆತಲ್ಲ?”

ಮಾತು ತುಂಬಾ ಉದ್ದವಾಗಿ ಯಂತ್ರ ಹಿಂದಿನದನ್ನು ಮರೆತಿರಬೇಕು ಎಂದುಕೊಂಡೆ. ಆದರೆ ಅದೇ ಸಂಭಾಷಣೆಯಲ್ಲಿ “ಯಾವ ಮಾತ್ರೆಯನ್ನು ನಿಲ್ಲಿಸಲಾಗಿದೆ?” ಎಂದು ನೇರವಾಗಿ ಕೇಳಿದಾಗ ಹೆಸರು, ಕಾರಣ ಎರಡೂ ಸರಿಯಾಗಿಯೇ ಬಂದವು. ಅಂದರೆ ನನ್ನ ವಾಕ್ಯ ಅದರ ಮುಂದೆಯೇ ಇತ್ತು, ಪುಟ ಬರೆಯುವಾಗ ಮಾತ್ರ ಬಳಕೆಗೆ ಬಂದಿರಲಿಲ್ಲ. ಹೀಗೆ ‘ಇದೆ’ ಮತ್ತು ‘ಬಳಕೆಯಾಗುತ್ತದೆ’ ಎಂಬುದರ ನಡುವಿನ ಅಂತರಕ್ಕೆ ಒಂದು ಚರಿತ್ರೆಯೇ ಇದೆ ಎಂಬುದು ಆಮೇಲೆ ಗೊತ್ತಾಯಿತು.

ಆ ಚರಿತ್ರೆ ಮನುಷ್ಯರಿಂದಲೇ ಶುರುವಾಗುತ್ತದೆ. 1962ರಲ್ಲಿ ಬೆನೆಟ್ ಮರ್ಡಾಕ್ ಎಂಬ ಮನಶ್ಶಾಸ್ತ್ರಜ್ಞ ಜನರಿಗೆ ಪದಗಳ ಪಟ್ಟಿಗಳನ್ನು ಕೇಳಿಸಿ, ನೆನಪಿದ್ದಷ್ಟನ್ನು ಯಾವ ಕ್ರಮದಲ್ಲಾದರೂ ಬರೆಯಿರಿ ಎಂದ. ಪಟ್ಟಿಯ ಮೊದಲ ಪದಗಳೂ ಕೊನೆಯ ಪದಗಳೂ ಹೆಚ್ಚು ನೆನಪಾದವು, ನಡುವಿನವು ಜಾರಿಹೋದವು. ಗ್ರಾಫ್ ಎಳೆದರೆ ತೂಗುಬಿಟ್ಟ ಹಗ್ಗದಂತೆ ನಡುವೆ ಇಳಿದ ಗೆರೆ. 1966ರಲ್ಲಿ ಗ್ಲಾಂಜರ್ ಮತ್ತು ಕ್ಯೂನಿಟ್ಜ್ ಇದಕ್ಕೊಂದು ತಿರುವು ಕೊಟ್ಟರು. ಪಟ್ಟಿ ಮುಗಿದ ಮೇಲೆ 30 ಸೆಕೆಂಡು ಗಟ್ಟಿಯಾಗಿ ಎಣಿಕೆ ಮಾಡಿಸಿದರೆ ಕೊನೆಯ ಪದಗಳಿಗಿದ್ದ ಲಾಭ ಅಳಿಸಿಹೋಗುತ್ತಿತ್ತು, ಮೊದಲಿನವುಗಳದ್ದು ಉಳಿಯುತ್ತಿತ್ತು. ಕೊನೆಯ ಪದಗಳು ಬೇಗ ಮಾಸುವ ಅಲ್ಪಕಾಲದ ನೆನಪಿನಲ್ಲಿದ್ದವು ಎಂಬುದು ಅವರ ವಿವರಣೆ.

ಯಂತ್ರದಲ್ಲಿ ಹಾಗೆ ಮಾಸುವಂಥದ್ದೇನೂ ಇಲ್ಲ. ಮಿತಿಯೊಳಗಿದ್ದಷ್ಟು ದಿನ ಸಂಭಾಷಣೆಯ ಪ್ರತಿ ಅಕ್ಷರವೂ ಪ್ರತಿ ಉತ್ತರಕ್ಕೂ ಅದರ ಮುಂದೆ ಹಾಜರಿರುತ್ತದೆ. ಆದ್ದರಿಂದಲೇ 2023ರ ಜುಲೈನಲ್ಲಿ ನೆಲ್ಸನ್ ಲಿಯು ಮತ್ತು ಸಂಗಡಿಗರು ‘ಲಾಸ್ಟ್ ಇನ್ ದ ಮಿಡಲ್’ ಎಂಬ ಪ್ರಬಂಧದಲ್ಲಿ ಅದೇ ಹಗ್ಗದ ಗೆರೆಯನ್ನು ತೋರಿಸಿದಾಗ ಅದು ಸುದ್ದಿಯಾಯಿತು.

ಅವರ ಪ್ರಯೋಗ ಸರಳವಾಗಿತ್ತು. ಜನ ಗೂಗಲ್‌ನಲ್ಲಿ ನಿಜವಾಗಿ ಹುಡುಕಿದ ಒಂದು ಪ್ರಶ್ನೆ, ಅದರ ಜೊತೆಗೆ ವಿಕಿಪೀಡಿಯದ 20 ತುಣುಕುಗಳು. ಉತ್ತರ ಇರುವುದು ಒಂದರಲ್ಲಿ ಮಾತ್ರ. ಉಳಿದ 19 ಅದೇ ವಿಷಯದ್ದೆನಿಸಿದರೂ ಉತ್ತರವಿಲ್ಲದವು. ಅವರು ಬದಲಾಯಿಸುತ್ತ ಹೋದದ್ದು ಒಂದನ್ನೇ: ಉತ್ತರವಿದ್ದ ತುಣುಕಿನ ಜಾಗ. ಅದು ಮೊದಲನೆಯದಾಗಿದ್ದಾಗ ಅಂದಿನ ಜಿಪಿಟಿ-3.5 ಮಾದರಿ ನೂರಕ್ಕೆ ಸುಮಾರು 76 ಸಲ ಸರಿ ಹೇಳಿತು. ಹತ್ತನೆಯದಾದಾಗ ಸುಮಾರು 54ಕ್ಕೆ ಇಳಿಯಿತು. ಕೊನೆಯದಾದಾಗ ಮತ್ತೆ 63ಕ್ಕೆ ಏರಿತು. ನನ್ನನ್ನು ಬೆಚ್ಚಿಸಿದ್ದು ಇನ್ನೊಂದು ಅಂಕಿ. ಒಂದೂ ತುಣುಕು ಕೊಡದೆ ಬರಿಯ ಪ್ರಶ್ನೆ ಕೇಳಿದಾಗ ಅದೇ ಮಾದರಿ 56 ಸಲ ಸರಿ ಹೇಳಿತ್ತು. ಅಂದರೆ ಉತ್ತರವನ್ನು ಕೈಯಲ್ಲಿಟ್ಟು ನಡುವೆ ಹುದುಗಿಸುವುದು, ಏನೂ ಕೊಡದಿರುವುದಕ್ಕಿಂತ ಕಡೆಯಾಗಿತ್ತು.

ಹೀಗೇಕೆ? ಸಂಶೋಧಕರು ಮುಖ್ಯವಾಗಿ ಎರಡು ಎಳೆಗಳನ್ನು ಹಿಡಿದಿದ್ದಾರೆ. ಮಾದರಿ ಪ್ರತಿ ಹೊಸ ತುಣುಕು ಪದವನ್ನು ಬರೆಯುವಾಗ ಹಿಂದಿನ ಎಲ್ಲ ಪದಗಳಿಗೂ ತನ್ನ ಗಮನವನ್ನು ಹಂಚುತ್ತದೆ. ಪಾಲುಗಳೆಲ್ಲ ಕೂಡಿದರೆ ಯಾವಾಗಲೂ ಒಂದೇ ಆಗಬೇಕು. ಯಾವುದರ ಮೇಲೂ ವಿಶೇಷ ಗಮನ ಬೇಡವಾದಾಗಲೂ ಆ ಪಾಲು ಎಲ್ಲಾದರೂ ಹೋಗಲೇಬೇಕು. ಮುಂದೆ ಬರುವ ಪ್ರತಿ ಪದಕ್ಕೂ ಕಾಣುವಂಥವು ಆರಂಭದ ಪದಗಳು. ಹಾಗಾಗಿ ಉಳಿಕೆಯೆಲ್ಲ ಅಲ್ಲಿಗೆ ಹರಿಯುತ್ತದೆ ಎಂದು ಅದೇ 2023ರಲ್ಲಿ ಇನ್ನೊಂದು ತಂಡ ತೋರಿಸಿತು. ಕೊನೆಯ ಪದಗಳಿಗೆ ಹತ್ತಿರದ ಲಾಭ: ಕಲಿಕೆಗೆ ಬಳಸಿದ ಬರಹಗಳಲ್ಲಿ ಮುಂದಿನ ಪದಕ್ಕೆ ಸುಳಿವು ಸಾಮಾನ್ಯವಾಗಿ ಪಕ್ಕದಲ್ಲೇ ಸಿಗುತ್ತದೆ. ನಡುವಿನ ಮಾತಿಗೆ ಈ ಎರಡು ಆಸರೆಯೂ ಇಲ್ಲ. ಮನುಷ್ಯನದೂ ಯಂತ್ರದ್ದೂ ಗೆರೆಯ ಆಕಾರ ಒಂದೇ ಆದರೂ ಕಾರಣಗಳು ಬೇರೆ.

ಆ ಪ್ರಯೋಗದಲ್ಲಿದ್ದದ್ದು ತುಣುಕುಗಳ ಸಾಲು, ಮಾತುಕತೆಯಲ್ಲ. 2025ರಲ್ಲಿ ಫಿಲಿಪ್ ಲಬಾನ್ ಮತ್ತು ಸಂಗಡಿಗರು ಸಂಭಾಷಣೆಯನ್ನೇ ಪರೀಕ್ಷಿಸಿದರು. ಒಂದೇ ಸಲ ಹೇಳಬಹುದಾದ ಕೆಲಸವನ್ನು ಒಡೆದು ಸರದಿಯಂತೆ ಹೇಳುತ್ತ ಹೋದರು. ಫಲಿತಾಂಶ ಸರಾಸರಿ 39 ಶೇಕಡ ಕುಸಿಯಿತು. ಎಲ್ಲ ಕುಸಿತಕ್ಕೂ ನಡುವೆಯೇ ಕಾರಣವಲ್ಲ. ಮಾದರಿಗಳು ಅರ್ಧ ಮಾಹಿತಿಯಲ್ಲೇ ಆತುರದ ಉತ್ತರ ಕಟ್ಟಿ ಆಮೇಲೆ ಅದಕ್ಕೇ ಅಂಟಿಕೊಳ್ಳುವುದೂ ಕಾರಣ. ಆದರೆ ಸಾರಾಂಶ ಬರೆಸುವ ಕೆಲಸದಲ್ಲಿ, ಮೊದಲ ಮತ್ತು ಕೊನೆಯ ಸರದಿಯಲ್ಲಿ ಕೊಟ್ಟ ದಾಖಲೆಗಳು ಹೆಚ್ಚು ಉಲ್ಲೇಖವಾಗಿ ನಡುವಿನ ಸರದಿಯವು ಕಡಿಮೆಯಾದದ್ದನ್ನು ಅವರು ಕಂಡರು. ನನ್ನ ಪುಟಕ್ಕೆ ಆದದ್ದೂ ಹೀಗೆಯೇ ಇತ್ತು.

ನನ್ನದೂ ಅದೇ ದೋಷವೇ ಎಂದು ನೋಡಲು ಒಂದು ಭಾನುವಾರ ಕೂತೆ. ಹೊಸ ಸಂಭಾಷಣೆ ತೆರೆದು ಅದೇ ಸಂದೇಶಗಳನ್ನು ಅದೇ ಕ್ರಮದಲ್ಲಿ ಹಾಕಿದೆ. ಮಾತ್ರೆ ನಿಲ್ಲಿಸಿದ ವಾಕ್ಯವನ್ನಷ್ಟೇ ನಡುವಿನಿಂದ ಕೊನೆಗೆ ತಂದೆ. ಹೀಗೆ ಐದು ಸಲ, ವಾಕ್ಯವನ್ನು ನಡುವೆಯೇ ಬಿಟ್ಟು ಐದು ಸಲ. ಕೊನೆಯಲ್ಲಿದ್ದಾಗ ಐದು ಸಲವೂ ಪಟ್ಟಿ ಸರಿಯಿತ್ತು. ನಡುವೆ ಇದ್ದಾಗ ಮೂರು ಸಲ ಸರಿ, ಎರಡು ಸಲ ತಪ್ಪು. ಹತ್ತು ಪ್ರಯತ್ನಗಳಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಈ ತೊಂದರೆಯ ಸ್ವಭಾವ ನನಗೆ ಕಂಡದ್ದು ಇಲ್ಲಿಯೇ: ನಡುವಿನ ಮಾತು ಪ್ರತಿ ಸಲ ಕಳೆದುಹೋಗುವುದಿಲ್ಲ. ಪ್ರತಿ ಸಲ ಕಳೆದಿದ್ದರೆ ನಾವು ಎಂದೋ ಎಚ್ಚರವಾಗುತ್ತಿದ್ದೆವು.

ನೇರ ಪ್ರಶ್ನೆಗೆ ಸರಿ ಉತ್ತರ ಬಂತೆಂದು ನೆಮ್ಮದಿಪಡುವಂತೆಯೂ ಇಲ್ಲ. ಹುಡುಕಿ ಹೇಳು ಎಂದರೆ ಪ್ರಶ್ನೆಯಲ್ಲಿನ ಪದಗಳೇ ಆ ವಾಕ್ಯದತ್ತ ಬೆರಳು ತೋರಿಸುತ್ತವೆ. ಅಂಥ ಕೆಲಸವನ್ನು 2023ರಲ್ಲೇ ಕೆಲವು ಮಾದರಿಗಳು ಹೆಚ್ಚುಕಡಿಮೆ ತಪ್ಪಿಲ್ಲದೆ ಮಾಡಿದ್ದವು. ಔಷಧಿಗಳ ಪಟ್ಟಿ ಮಾಡು ಎಂದಾಗ ಬೆರಳು ತೋರಿಸುವವರಿಲ್ಲ. ಮೊದಲು ಕೊಟ್ಟ ಮಾತ್ರೆಯ ಹೆಸರನ್ನೂ ನಡುವೆ ಅದನ್ನು ನಿಲ್ಲಿಸಿದ ಸುದ್ದಿಯನ್ನೂ ಅದು ತಾನಾಗಿ ಜೋಡಿಸಿಕೊಳ್ಳಬೇಕು. ಬದಲಾವಣೆ, ನಿಷೇಧ, ‘ಅದಲ್ಲ, ಇದು’ ಎಂಬ ತಿದ್ದುಪಡಿಗಳು ಸಹಜವಾಗಿ ಬರುವುದು ಮಾತಿನ ನಡುವೆಯೇ.

ಈಗ ನಾನು ಉದ್ದದ ಸಂಭಾಷಣೆಯಲ್ಲೇ ಕೊನೆಯ ಪುಟ ಬರೆಸುವುದಿಲ್ಲ. ಮಧ್ಯೆ ಮಧ್ಯೆ ತಿದ್ದುಪಡಿಗಳನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿಕೊಂಡು, ಅವನ್ನೆಲ್ಲ ಸೇರಿಸಿ ನಾನೇ ಒಂದು ಚಿಕ್ಕ ಪಟ್ಟಿ ಮಾಡಿ, ಹೊಸ ಸಂಭಾಷಣೆಯಲ್ಲಿ ಅದನ್ನು ಹಾಕಿ ಬರೆಸುತ್ತೇನೆ. ಆಮೇಲೆ ಬಂದ ಪುಟವನ್ನು ಆ ಪಟ್ಟಿಯ ನಡುಭಾಗದಿಂದ ಶುರುಮಾಡಿ ತಾಳೆ ನೋಡುತ್ತೇನೆ.

ಡಾಕ್ಟರಿಗೆ ಕೊಟ್ಟದ್ದು ತಂಗಿ ತಿದ್ದಿದ ಪುಟ. ಅವರು ಔಷಧಿಗಳ ಸಾಲಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಅಪ್ಪನಿಗೆ ಓದಿ ಹೇಳಿ, ಇದು ಹೌದೇ ಎಂದು ಕೇಳುತ್ತ ಹೋದರು. ಅಪ್ಪ ಪ್ರತಿಯೊಂದಕ್ಕೂ “ಹೌದ್ರೀ” ಅಂದರು. ಅಳಿಸಿದ ಆ ಮಾತ್ರೆ ಪಟ್ಟಿಯಲ್ಲಿದ್ದಿದ್ದರೂ ಅವರು ಹೌದ್ರೀ ಎನ್ನುತ್ತಿದ್ದರು ಎಂಬುದು ನನಗೆ ಗೊತ್ತು.